ಬಾಗಿಲು ಹಾಕಿದ ಐದು ದಿನ

ಮಂಜನಿಗೆ ಡೆಂಗ್ಯೂ ಬರದೇ ಇದ್ದಿದ್ದರೆ ನಮ್ಮ ಜ್ಯೂಸ್ ಅಂಗಡಿ 2024ರ ದೀಪಾವಳಿಗೆ ಮುಂಚೆಯೇ ಮುಚ್ಚಿರುತ್ತಿತ್ತು. ಇದನ್ನು ಅವನ ಮುಂದೆ ಹೇಳಿದರೆ ಈಗಲೂ ಬೈತಾನೆ. ಆದರೂ ನಿಜ ಅದೇ.

ಅಂಗಡಿ ಇರುವುದು ದಾವಣಗೆರೆಯಲ್ಲಿ, ಪಿ.ಬಿ. ರಸ್ತೆಗೆ ಬಂದು ಸೇರುವ ಒಂದು ಅಡ್ಡರಸ್ತೆಯಲ್ಲಿ. ಎಂಟಡಿ ಅಗಲ, ಹತ್ತಡಿ ಉದ್ದದ ಮಳಿಗೆ. ಆ ವರ್ಷ ಫೆಬ್ರವರಿ ಕೊನೆಗೆ ಶುರು ಮಾಡಿದೆವು. ನಾವಿಬ್ಬರೂ ಹೈಸ್ಕೂಲಿನಿಂದ ಜೊತೆಗಿರುವವರು. ಅವನು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ನಾನು ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಲೆಕ್ಕ ಬರೆಯುತ್ತಿದ್ದವನು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಗುವುದಕ್ಕೆ ಬೇಕಾಗುತ್ತದೆ.

ಆ ಬೇಸಿಗೆ ಹೇಗಿತ್ತು ಅಂತ ನಿಮಗೂ ನೆನಪಿರಬೇಕು. ಬೆಳಗ್ಗೆ ಹತ್ತು ಗಂಟೆಗೇ ರಸ್ತೆ ಕಾದ ಹಂಚಿನಂತಿರುತ್ತಿತ್ತು. ಏಪ್ರಿಲ್‌ನಲ್ಲಿ ದಿನಕ್ಕೆ 150 ಗ್ಲಾಸ್ ಹೋಗುತ್ತಿತ್ತು. ಕಲ್ಲಂಗಡಿ, ಅನಾನಸ್ ಎಲ್ಲ ಇದ್ದವು. ಆದರೆ ಬಹುಪಾಲು ಜನ ಕೇಳುತ್ತಿದ್ದದ್ದು ಮೋಸಂಬಿಯನ್ನೇ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಎಲ್ಲವನ್ನೂ ಮೋಸಂಬಿ ಅಂತಲೇ ಹಿಡಿಯುತ್ತೇನೆ, ತಿಂಗಳನ್ನು 30 ದಿನ ಅಂತ ಹಿಡಿಯುತ್ತೇನೆ. ಗ್ಲಾಸಿಗೆ 40 ರೂಪಾಯಿ.

ತಿಂಗಳ ಕೊನೆಗೆ ನಾನು ಬುಕ್ಕಿನಲ್ಲಿ ಒಂದೇ ಒಂದು ಲೆಕ್ಕ ಮಾಡುತ್ತಿದ್ದೆ. ಹೋದ ದುಡ್ಡನ್ನೆಲ್ಲ ಕೂಡುವುದು, ಮಾರಿದ ಗ್ಲಾಸುಗಳಿಂದ ಭಾಗಿಸುವುದು. ಏಪ್ರಿಲ್‌ನಲ್ಲಿ ಒಟ್ಟು ಖರ್ಚು 1,35,000. ಮಾರಿದ್ದು 4,500 ಗ್ಲಾಸ್. ಭಾಗಿಸಿದರೆ ಒಂದು ಗ್ಲಾಸಿಗೆ 30 ರೂಪಾಯಿ ಬಿತ್ತು. 40ಕ್ಕೆ ಮಾರಿದರೆ ಗ್ಲಾಸಿಗೆ 10 ಉಳಿಯಿತು. ತಿಂಗಳಿಗೆ 45,000, ಇಬ್ಬರಿಗೂ ಹಂಚಿದರೆ ತಲೆಗೆ 22,500. ದಿನಕ್ಕೆ ಹನ್ನೆರಡು ಗಂಟೆ ನಿಂತಿದ್ದಕ್ಕೆ ಅದು ದೊಡ್ಡ ದುಡ್ಡೇನಲ್ಲ. ಆದರೂ ನಾವು ಕುಣಿದಾಡಿದೆವು. ಹಿಂದಿನ ಗೋಡೆಯ ಮೇಲೆ ಮಂಜ ಪೆನ್ಸಿಲ್‌ನಲ್ಲಿ ಬರೆದ: ‘ಒಂದು ಗ್ಲಾಸ್ = 30’. ಆ 30 ನಮಗೆ ವೇದವಾಯಿತು.

ಜೂನ್‌ನಲ್ಲಿ ಮಳೆ ಬಂತು. ಜುಲೈನಲ್ಲಿ ದಿನಕ್ಕೆ 45 ಗ್ಲಾಸ್ ಹೋದರೆ ಹೆಚ್ಚು. ಜನ ಛತ್ರಿ ಹಿಡಿದು ನಮ್ಮ ಮುಂದೆಯೇ ನಡೆದು ಎದುರಿನ ಮಿರ್ಚಿ ಗಾಡಿಗೆ ಹೋಗುತ್ತಿದ್ದರು. ತಿಂಗಳ ಕೊನೆಗೆ ಮತ್ತೆ ಅದೇ ಲೆಕ್ಕ ಮಾಡಿದೆ. ಖರ್ಚು 59,400. ಗ್ಲಾಸು 1,350. ಭಾಗಿಸಿದರೆ 44 ಬಂತು!

“ಲೇ, 44 ಹೆಂಗೆ ಬೀಳ್ತದೆ? ಮೋಸಂಬಿ ರೇಟು ಏರಿಲ್ಲ. ಸಕ್ಕರೆ ಏರಿಲ್ಲ” ಅಂದ ಮಂಜ.

ನಾನು ಮೂರು ಸಲ ಕೂಡಿ ನೋಡಿದೆ. ತಪ್ಪಿರಲಿಲ್ಲ. ಅವನಿಗೆ ಬಸು ಮೇಲೆ ಅನುಮಾನ ಬಂತು. ಬಸು ಅಂದರೆ ನಮ್ಮ ಅಂಗಡಿಯ ಕೆಲಸದ ಹುಡುಗ. ಸಕ್ಕರೆ ಮನೆಗೆ ಒಯ್ಯುತ್ತಿದ್ದಾನಾ, ಹಣ್ಣು ಯಾರಿಗಾದರೂ ಕೊಡುತ್ತಿದ್ದಾನಾ ಅಂತ ಒಂದು ವಾರ ಕದ್ದು ನೋಡಿದ. ಪಾಪ, ಆ ಹುಡುಗನಿಗೆ ಇವತ್ತಿಗೂ ಇದು ಗೊತ್ತಿಲ್ಲ.

ಕಳ್ಳ ಸಿಗಲಿಲ್ಲ. ಹಾಗಾಗಿ ನಾವು ‘ಲೆಕ್ಕದ ಪ್ರಕಾರ’ ನಡೆದೆವು. ಒಂದು ಗ್ಲಾಸಿಗೆ 44 ಬೀಳುತ್ತದೆ, ನಾವು 40ಕ್ಕೆ ಕೊಡುತ್ತಿದ್ದೇವೆ. ಅಂದರೆ ಪ್ರತಿ ಗ್ಲಾಸಿಗೂ 4 ರೂಪಾಯಿ ಕೈಯಿಂದ ಹೋಗುತ್ತಿದೆ, ಜಾಸ್ತಿ ಮಾರಿದಷ್ಟೂ ಜಾಸ್ತಿ ನಷ್ಟ. ಹೀಗೆ ಯೋಚಿಸಿ ಎರಡು ಕೆಲಸ ಮಾಡಿದೆವು. ಆಗಸ್ಟ್ ಒಂದರಿಂದ ರೇಟು 50 ಮಾಡಿದೆವು. ಅದೇ ವಾರ, ಪಕ್ಕದ ಬೀದಿಯ ಒಂದು ಶಾಲೆಯವರು ಬಂದು ಆಗಸ್ಟ್ 15ರ ಧ್ವಜಾರೋಹಣಕ್ಕೆ 200 ಗ್ಲಾಸ್ ಬೇಕು, ಗ್ಲಾಸಿಗೆ 30 ಕೊಡುತ್ತೇವೆ ಅಂದಾಗ ಕೈ ಮುಗಿದು ಕಳಿಸಿದೆವು. “44 ಬೀಳೋದನ್ನ 30ಕ್ಕೆ ಕೊಡೋಕೆ ನಮಗೇನು ತಲೆ ಕೆಟ್ಟಿದೆಯಾ?” ಅಂದ ಮಂಜ, ಅವರು ಹೋದ ಮೇಲೆ. ನಾನೂ ಹೂಂ ಅಂದೆ.

ಆಗಸ್ಟ್‌ನಲ್ಲಿ 50 ರೂಪಾಯಿ ನೋಡಿ ಖಾಯಂ ಗಿರಾಕಿಗಳೂ ಮೆಲ್ಲಗೆ ಜಾರಿದರು. ದಿನಕ್ಕೆ 25 ಗ್ಲಾಸಿಗೆ ಬಂತು. ತಿಂಗಳಿಗೆ 750. ಖರ್ಚು 45,000. ಭಾಗಿಸಿದೆ, 60 ಬಂತು.

ಒಂದು ಗ್ಲಾಸಿಗೆ 60! ಹಾಗಾದರೆ ಇನ್ನು 70ಕ್ಕೆ ಮಾರಬೇಕಾ? 70 ಮಾಡಿದರೆ ಹತ್ತು ಜನ ಬರುತ್ತಾರೆ, ಆಗ ಲೆಕ್ಕ 100 ದಾಟುತ್ತದೆ. ಗೋಡೆಯ ಮೇಲಿನ 30ನ್ನು ಹೊಡೆದು ಹಾಕಿ 44 ಬರೆದಿದ್ದೆವು, ಅದನ್ನೂ ಹೊಡೆದು 60 ಬರೆಯುವಾಗ ಮಂಜನ ಕೈ ನಿಂತಿತು. “ಏನೋ ಎಲ್ಲೋ ತಪ್ಪಿದೆ ಮಾರಾಯ” ಅಂದ. ಅವತ್ತು ಅವನ ಮೈ ಬಿಸಿ ಇತ್ತು. ಮಳೆಯಲ್ಲಿ ನೆನೆದದ್ದಕ್ಕೆ ಅಂತ ಅಂದುಕೊಂಡೆವು.

ಸೆಪ್ಟೆಂಬರ್ ಮೊದಲ ವಾರ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಆ ವರ್ಷ ರಾಜ್ಯದ ತುಂಬ ಡೆಂಗ್ಯೂ. ಪ್ಲೇಟ್ಲೆಟ್ ಇಳಿಯುತ್ತಿತ್ತು. ಅವನ ಅಪ್ಪ ಇಲ್ಲ, ಅಮ್ಮನಿಗೆ ಓಡಾಡಲು ಆಗುವುದಿಲ್ಲ. ನಾನೇ ಪಕ್ಕದಲ್ಲಿ ಕೂತೆ. ಬಸು ಗೌರಿ ಗಣೇಶ ಹಬ್ಬಕ್ಕೆ ಊರಿಗೆ ಹೋಗಿದ್ದ. ಅಂಗಡಿಗೆ ಐದು ದಿನ ಬೀಗ ಬಿತ್ತು.

ನೋಡಲು ಬಂದವರೆಲ್ಲ ಮೋಸಂಬಿ ತಂದರು. ಮಂಚದ ಕೆಳಗೆ ಮೂರು ಚೀಲ ಸೇರಿದವು. ಅಂಗಡಿಯಲ್ಲಿ ನಮ್ಮದೇ ಮೋಸಂಬಿ ಕೊಳೆಯುತ್ತಿತ್ತು.

ನಾಲ್ಕನೇ ದಿನ ಜ್ವರ ಇಳಿಯಿತು. ಹೊತ್ತು ಹೋಗದೆ ಮಂಜ ಬುಕ್ಕು ತರಿಸಿದ. ಐದು ದಿನದ ನಷ್ಟ ಬರೆಯೋಣ ಅಂದ. “ನಷ್ಟ ಏನು ಬಂತು, ಅಂಗಡಿನೇ ತೆಗೆದಿಲ್ಲವಲ್ಲ” ಅಂದೆ ನಾನು. ಸೊನ್ನೆ ಗ್ಲಾಸು ಅಂದ ಮೇಲೆ ಸೊನ್ನೆ ಖರ್ಚು, ಅಲ್ವಾ?

ಅಷ್ಟರಲ್ಲಿ ಮಳಿಗೆಯ ಮಾಲೀಕರ ಫೋನು ಬಂತು. ಮಂಜನ ಆರೋಗ್ಯ ವಿಚಾರಿಸಿದರು, ಪಪ್ಪಾಯಿ ಎಲೆ ರಸ ಕುಡಿಸಿ ಅಂದರು, ಕೊನೆಗೆ ಬಾಡಿಗೆ ತಾರೀಖು ದಾಟಿದ್ದನ್ನು ಮೆತ್ತಗೆ ನೆನಪಿಸಿದರು. ಐದು ದಿನ ಕಳೆದು ಕೊಡಿ ಅನ್ನಲಿಲ್ಲ. ಯಾಕೆ ಅನ್ನುತ್ತಾರೆ?

ಫೋನು ಇಟ್ಟ ಮೇಲೆ ಮಂಜ ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆದ. ಎಡಕ್ಕೆ, ಬೀಗ ಹಾಕಿದ್ದರೂ ಕೇಳುವವರು. ಬಲಕ್ಕೆ, ಬೀಗ ಹಾಕಿದ್ದರಿಂದ ಸುಮ್ಮನಾದವರು.

ಎಡಕ್ಕೆ ಮೊದಲು ಬಾಡಿಗೆ 9,000 ಬಂತು. ಆಮೇಲೆ ಬಸು ಸಂಬಳ 12,000. ಹಬ್ಬಕ್ಕೆ ಹೋಗಿದ್ದಕ್ಕೆ ಹಿಡಿಯಲು ಆಗುತ್ತದಾ? ಜ್ಯೂಸರ್, ಫ್ರಿಜ್ ತೆಗೆದುಕೊಂಡ ಸಾಲದ ಕಂತು 3,500. ಕರೆಂಟು ಸುಮಾರು 1,500. ಕಸ, ನೀರು, ಸಣ್ಣಪುಟ್ಟ ರಿಪೇರಿ ಸೇರಿ ಒಂದು ಸಾವಿರ. ಕೂಡಿದರೆ 27,000. ದಿನಕ್ಕೆ 900. ಒಂದು ಗ್ಲಾಸೂ ಮಾರದೆ, ಮಂಜ ಮಂಚದ ಮೇಲೆ ಮಲಗಿದ್ದಾಗಲೂ ದಿನಾ 900 ಹೋಗುತ್ತಿತ್ತು.

ಬಲಕ್ಕೆ ಬರೆದದ್ದು ಒಂದು ಗ್ಲಾಸಿನ ಲೆಕ್ಕ. ಒಂದು ಕಿಲೋ ಮೋಸಂಬಿ ಹಿಂಡಿದರೆ ನಮ್ಮ ಅಳತೆಯ ಎರಡು ಗ್ಲಾಸ್ ಆಗುತ್ತದೆ. ಮಂಡಿಯಲ್ಲಿ ಕಿಲೋ 38, ಅಂದರೆ ಗ್ಲಾಸಿಗೆ 19. ಸಕ್ಕರೆ 1. ಐಸು 2. ಪೇಪರ್ ಲೋಟ, ಪೇಪರ್ ಸ್ಟ್ರಾ ಸೇರಿ 2. ಒಟ್ಟು 24. ಗಿರಾಕಿ ಬಂದರೆ ಮಾತ್ರ ಈ 24 ಹೋಗುತ್ತದೆ, ಬರದಿದ್ದರೆ ಇಲ್ಲ.

ಈಗ ಹಿಂದಿನ ಮೂರು ತಿಂಗಳನ್ನು ಮತ್ತೆ ನೋಡಿದೆವು. ಏಪ್ರಿಲ್‌ನಲ್ಲಿ 27,000ವನ್ನು 4,500 ಗ್ಲಾಸು ಹೊತ್ತವು, ತಲೆಗೆ 6. ಅದಕ್ಕೆ 24 ಸೇರಿದರೆ 30. ಜುಲೈನಲ್ಲಿ ಅದೇ 27,000ವನ್ನು 1,350 ಗ್ಲಾಸು ಹೊತ್ತವು, ತಲೆಗೆ 20. ಸೇರಿದರೆ 44. ಆಗಸ್ಟ್‌ನಲ್ಲಿ ಹೊರಲು ಇದ್ದದ್ದು 750 ಗ್ಲಾಸು ಮಾತ್ರ, ತಲೆಗೆ 36. ಸೇರಿದರೆ 60. ಬಸು ಸಕ್ಕರೆ ಕದ್ದಿರಲಿಲ್ಲ. ಗ್ಲಾಸಿಗೆ 24 ಮೂರೂ ತಿಂಗಳಲ್ಲಿ 24 ಆಗಿಯೇ ಇತ್ತು.

ಇಲ್ಲಿ ನನಗೆ ನಾಚಿಕೆಯಾಯಿತು. ನಾನು ಪಿಯುಸಿಯಲ್ಲಿ ಕಾಮರ್ಸ್ ಓದಿದವನು. ‘ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚ ಎಂದರೇನು?’ ಅನ್ನುವ ಪ್ರಶ್ನೆಗೆ ಬಾಯಿಪಾಠ ಮಾಡಿ ಉತ್ತರ ಬರೆದವನು. ಉದಾಹರಣೆಗೆ ಕಾರ್ಖಾನೆಯ ಬಾಡಿಗೆ ಅಂತಲೂ ಬರೆದಿದ್ದೆ. ಅದು ಕಾರ್ಖಾನೆಗೆ ಅಂತಲೇ ತಲೆಯಲ್ಲಿ ಕೂತುಬಿಟ್ಟಿತ್ತು ಅಂತ ಕಾಣುತ್ತದೆ.

“ಹಂಗಾದ್ರೆ ಜುಲೈನಲ್ಲಿ ಗ್ಲಾಸಿಗೆ 4 ರೂಪಾಯಿ ಹೋಗ್ತಾ ಇರ್ಲಿಲ್ಲ” ಅಂದ ಮಂಜ, ದಿಂಬಿಗೆ ಒರಗಿ. “40 ಬರ್ತಿತ್ತು, 24 ಹೋಗ್ತಿತ್ತು. ಪ್ರತಿ ಗ್ಲಾಸೂ 16 ತಂದುಕೊಡ್ತಾ ಇತ್ತು. ಗ್ಲಾಸು ಸಾಲ್ತಾ ಇರ್ಲಿಲ್ಲ, ಅಷ್ಟೆ.”

ಅಷ್ಟೇ ಆಗಿತ್ತು. ಜುಲೈನಲ್ಲಿ 1,350 ಗ್ಲಾಸು ಹದಿನಾರರಂತೆ 21,600 ತಂದವು. 27,000ಕ್ಕೆ 5,400 ಕಡಿಮೆ ಬಿತ್ತು. ಆಗಸ್ಟ್‌ನಲ್ಲಿ ರೇಟು ಏರಿಸಿ ಗ್ಲಾಸಿಗೆ 26 ಉಳಿಸಿದೆವು, ಆದರೆ 750 ಗ್ಲಾಸು ತಂದದ್ದು 19,500. ಕೊರತೆ 7,500ಕ್ಕೆ ಏರಿತು. ರೇಟು ಏರಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಜನ ಅಷ್ಟು ಇಳಿಯದೆ ದಿನಕ್ಕೆ 30 ಗ್ಲಾಸು ಹೋಗಿದ್ದರೂ ಜುಲೈಗಿಂತ ಆಗಸ್ಟೇ ವಾಸಿ ಇರುತ್ತಿತ್ತು. ನಮ್ಮ ತಪ್ಪು ಬೇರೆ. ಎಷ್ಟು ಗಿರಾಕಿ ಉಳಿಯುತ್ತಾರೆ ಅಂತ ಯೋಚಿಸಲಿಲ್ಲ. 44 ಅನ್ನುವ ಅಂಕಿ ನೋಡಿ ಹೆದರಿ ಏರಿಸಿದೆವು. ಹೆದರಿ ಏರಿಸಿದ್ದರಿಂದ ಗಿರಾಕಿ ಇಳಿದರು, ಗಿರಾಕಿ ಇಳಿದಿದ್ದರಿಂದ ಅಂಕಿ ಏರಿತು. ಇನ್ನೊಂದು ತಿಂಗಳು ಹಾಗೇ ಮಾಡಿದ್ದರೆ ಕಥೆ ಮುಗಿಯುತ್ತಿತ್ತು.

ಶಾಲೆಯವರ ನೆನಪಾದಾಗ ಇಬ್ಬರಿಗೂ ಹೊಟ್ಟೆ ಉರಿಯಿತು. 200 ಗ್ಲಾಸು, 30ರಂತೆ. ಅದಕ್ಕೋಸ್ಕರ ಬಾಡಿಗೆ ಹೆಚ್ಚು ಕೊಡಬೇಕಿರಲಿಲ್ಲ. ಬಸು ಸಂಬಳವೂ ಏರುತ್ತಿರಲಿಲ್ಲ. ಗ್ಲಾಸಿಗೆ 24 ಕಳೆದರೆ 6 ಉಳಿಯುತ್ತಿತ್ತು, ಒಟ್ಟು 1,200. ಆಟೋಗೆ 200 ಹೋದರೂ ಒಂದು ಸಾವಿರ ಕೈಗೆ ಬರುತ್ತಿತ್ತು. ನಾವು ಅದನ್ನು ನಷ್ಟ ಅಂತ ಬಿಟ್ಟೆವು.

ಆದರೆ ಇದರಲ್ಲೂ ಒಂದು ಹಳ್ಳವಿದೆ. ಆಸ್ಪತ್ರೆಯಿಂದ ಬಂದ ಹುರುಪಿನಲ್ಲಿ ಮಂಜ ಅದಕ್ಕೆ ಬೀಳುವವನಿದ್ದ. “24ಕ್ಕಿಂತ ಮೇಲೆ ಎಷ್ಟು ಬಂದ್ರೂ ಲಾಭನೇ, ಎಲ್ಲರಿಗೂ 30 ಮಾಡೋಣ” ಅಂದ. ಗ್ಲಾಸಿಗೆ 6 ಉಳಿದರೆ 27,000 ಹುಟ್ಟಲು 4,500 ಗ್ಲಾಸು ಬೇಕು. ಅಂದರೆ ಮಳೆಗಾಲದಲ್ಲಿ ಏಪ್ರಿಲ್‌ನಷ್ಟು ಜನ ಬರಬೇಕು. ಅದೂ ಬಾಡಿಗೆ, ಸಂಬಳ ಕಟ್ಟಲಿಕ್ಕೆ ಮಾತ್ರ, ನಮಗೆ ಸೊನ್ನೆ. ಶಾಲೆಯ ಆರ್ಡರು ಒಳ್ಳೆಯದಾಗಿದ್ದದ್ದು ಅದು ಹೆಚ್ಚುವರಿಯಾಗಿ ಬಂದದ್ದಕ್ಕೆ, ನಾವು ಕೈ ಕಟ್ಟಿ ಕೂತಿದ್ದಾಗ ಬಂದದ್ದಕ್ಕೆ. ಅದೇ ಆರ್ಡರು ಏಪ್ರಿಲ್ ಮಧ್ಯಾಹ್ನ ಬಂದಿದ್ದರೆ 40 ಕೊಡುವವರನ್ನು ನಿಲ್ಲಿಸಿ 30ರವರಿಗೆ ಹಿಂಡಬೇಕಾಗುತ್ತಿತ್ತು. ಆಗ ಬೇಡ ಅನ್ನುವುದೇ ಸರಿ. ಬಾಡಿಗೆ ಯಾರಾದರೂ ಹೊರಲೇಬೇಕಲ್ಲ.

ಇಷ್ಟು ಹೇಳಿದರೆ ಎಲ್ಲ ಖರ್ಚೂ ಆ ಗೆರೆಯ ಎಡಕ್ಕೋ ಬಲಕ್ಕೋ ನೆಟ್ಟಗೆ ಕೂರುತ್ತದೆ ಅನ್ನಿಸಬಹುದು. ಕೂರಲಿಲ್ಲ. ಮೊದಲು ತಕರಾರು ಎತ್ತಿದ್ದು ಐಸು. ಗ್ಲಾಸಿಗೆ 2 ಅಂತ ಬರೆದಿದ್ದೆವು ನಿಜ. ಆದರೆ ಐಸು ಬರುವುದು ಗಡ್ಡೆ ಲೆಕ್ಕದಲ್ಲಿ, ಗಡ್ಡೆಗೆ 80. ಒಂದು ಗಡ್ಡೆ ಸುಮಾರು 60 ಗ್ಲಾಸಿಗೆ ಆಗುತ್ತದೆ. 45 ಮಾರಿದರೂ 80 ಹೋಗುತ್ತದೆ, 25 ಮಾರಿದರೂ 80 ಹೋಗುತ್ತದೆ, ಉಳಿದದ್ದು ಸಂಜೆಗೆ ನೀರು. 61ನೇ ಗ್ಲಾಸಿಗೆ ಇನ್ನೊಂದು ಗಡ್ಡೆ ಬೇಕು. ಅದು ಮೆಟ್ಟಿಲಿನ ಹಾಗೆ ಏರುತ್ತದೆ. ಕರೆಂಟು ಬಿಲ್ಲು ತೆಗೆದು ನೋಡಿದರೆ ಅದರಲ್ಲೇ ಎರಡೂ ಇದ್ದವು. ಮಂಜೂರಾದ ಕಿಲೋವ್ಯಾಟಿಗೆ ನಿಗದಿತ ಶುಲ್ಕ ಒಂದು ಸಾಲು, ಉರಿಸಿದ ಯೂನಿಟ್ಟಿಗೆ ಇನ್ನೊಂದು ಸಾಲು. ಇಷ್ಟು ತಿಂಗಳು ಕೊನೆಯ ಮೊತ್ತ ಮಾತ್ರ ನೋಡಿ ಕಟ್ಟುತ್ತಿದ್ದೆವು. ಆದರೂ ಯೂನಿಟ್ಟಿನಲ್ಲಿ ಹೆಚ್ಚು ಪಾಲು ಫ್ರಿಜ್‌ನದು. ಅದು ಗಿರಾಕಿ ಬಂದರೂ ಓಡುತ್ತದೆ, ಬರದಿದ್ದರೂ ಓಡುತ್ತದೆ. ಹಾಗಾಗಿ ಕರೆಂಟನ್ನು ಎಡಕ್ಕೇ ಬಿಟ್ಟೆವು. ಸಾಲದ ಕಂತು ಶಾಸ್ತ್ರ ಪ್ರಕಾರ ವೆಚ್ಚವೇ ಅಲ್ಲ, ಮಿಷನ್ನಿನ ಸವಕಳಿ ಮತ್ತು ಬಡ್ಡಿ ಹಿಡಿಯಬೇಕು ಅಂತ ನನಗೆ ಗೊತ್ತು. ಆದರೆ ಐದನೇ ತಾರೀಖು ಖಾತೆಯಿಂದ ಹೋಗುವುದು ಕಂತು, ಆದ್ದರಿಂದ ಅದನ್ನೇ ಬರೆದೆವು.

ಎಲ್ಲಕ್ಕಿಂತ ಮೋಸ ಮಾಡಿದ್ದು ಮೋಸಂಬಿಯೇ. ಗಿರಾಕಿ ಬಂದರೆ ಮಾತ್ರ ಹಣ್ಣಿನ ಖರ್ಚು ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ದುಡ್ಡು ಹೋಗುವುದು ಹಿಂಡಿದಾಗ ಅಲ್ಲ, ಮಂಡಿಯಲ್ಲಿ ಚೀಲ ಎತ್ತಿದಾಗ. ಏಪ್ರಿಲ್‌ನ ಅಭ್ಯಾಸದಲ್ಲಿ ಜುಲೈನಲ್ಲೂ ಎರಡು ದಿನಕ್ಕಾಗುವಷ್ಟು ತುಂಬಿಸಿದರೆ ಅದು ಆರೇಳು ದಿನ ಕೂರುತ್ತದೆ, ಮಳೆಯ ತೇವಕ್ಕೆ ತೊಟ್ಟಿನ ಹತ್ತಿರ ಮೆತ್ತಗಾಗುತ್ತದೆ. ಹತ್ತು ಕಿಲೋದಲ್ಲಿ ಒಂದು ಕಿಲೋ ಎಸೆದರೆ ಗ್ಲಾಸಿಗೆ 19 ಇದ್ದದ್ದು 21 ಆಗುತ್ತದೆ. ಬೀಗ ಹಾಕಿದ ಐದು ದಿನ ಕೊಳೆತದ್ದು ಸುಮಾರು ಹನ್ನೆರಡು ಕಿಲೋ. ಆ 456 ರೂಪಾಯಿಯನ್ನು ಎಡಕ್ಕೆ ಬರೆಯಬೇಕಾ, ಬಲಕ್ಕೆ ಬರೆಯಬೇಕಾ ಅಂತ ಅರ್ಧ ಗಂಟೆ ಜಗಳ ಆಯಿತು. ಕೊನೆಗೆ ಗೆರೆಯ ಮೇಲೆಯೇ ಬರೆದೆವು. ಆವತ್ತಿನಿಂದ ದಿನಾ ಬೆಳಗ್ಗೆ ಅವತ್ತಿಗೆ ಬೇಕಾದಷ್ಟೇ ತರುತ್ತೇವೆ.

ಅಕ್ಟೋಬರ್‌ಗೆ ರೇಟು 40ಕ್ಕೆ ಇಳಿಸಿದೆವು. ಹೋದವರೆಲ್ಲ ಬರಲಿಲ್ಲ, ದಿನಕ್ಕೆ 40 ಗ್ಲಾಸಿಗೆ ಬಂದು ನಿಂತಿತು. ಅದರಿಂದ 640. ಎಡಗಡೆಯ 900ಕ್ಕೆ ಸಾಲದು. ಬಾಡಿಗೆ ತೆಗೆದುಕೊಳ್ಳುವವರು ನೀವು ಜ್ಯೂಸ್ ಮಾರಿದಿರಾ ಬೇರೆ ಏನು ಮಾರಿದಿರಾ ಅಂತ ಕೇಳುವುದಿಲ್ಲವಲ್ಲ, ಹಾಗಾಗಿ ಒಂದು ಗ್ಯಾಸ್ ಒಲೆ ಇಟ್ಟು ಶುಂಠಿ ಚಹಾ ಶುರು ಮಾಡಿದೆವು. ಚಹಾ 12 ರೂಪಾಯಿ, ಹಾಲು, ಪುಡಿ, ಗ್ಯಾಸು, ಲೋಟ ಸೇರಿ 6. ಮಳೆ ಸಂಜೆಗಳಲ್ಲಿ ದಿನಕ್ಕೆ 60 ಹೋದವು. ಅಲ್ಲಿಂದ 360. ಎರಡೂ ಸೇರಿ ಒಂದು ಸಾವಿರವಾಯಿತು.

ಬಸು ವಿಷಯದಲ್ಲಿ ಮಂಜನದು ಒಂದು ಯೋಚನೆ ಇತ್ತು. ತಿಂಗಳ ಸಂಬಳ ಬೇಡ, ಗ್ಲಾಸಿಗೆ ಇಷ್ಟು ಅಂತ ಕೊಡೋಣ. ಆಗ ಅವನ ಸಂಬಳ ಎಡದಿಂದ ಬಲಕ್ಕೆ ಬರುತ್ತದೆ, ಮಳೆ ಬಂದರೂ ನಮಗೆ ಚಿಂತೆ ಇಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮಳೆ ನಿಲ್ಲುವುದಿಲ್ಲವಲ್ಲ, ನಮ್ಮ ತಲೆ ಮೇಲೆ ಬೀಳುವುದು ಅವನ ತಲೆ ಮೇಲೆ ಬೀಳುತ್ತದೆ, ಅಷ್ಟೆ. ನಾನು ಒಪ್ಪಲಿಲ್ಲ. ಕೊನೆಗೆ ಬಸುನೇ ಒಂದು ದಾರಿ ಹೇಳಿದ. ಬೆಳಗ್ಗೆ ಒಂದು ದೋಸೆ ಹೋಟೆಲಿನಲ್ಲಿ ಕೆಲಸ ಹಿಡಿದ, ನಮ್ಮಲ್ಲಿಗೆ ಮಧ್ಯಾಹ್ನ ಹನ್ನೆರಡಕ್ಕೆ ಬರಲು ಶುರು ಮಾಡಿದ. ನಮ್ಮ ಕಡೆಯಿಂದ 7,000. ಅವನಿಗೆ ಒಟ್ಟಿನಲ್ಲಿ ಮೊದಲಿಗಿಂತ ಜಾಸ್ತಿಯೇ ಆಯಿತು. ನಮ್ಮ ಎಡಗಡೆ 22,000ಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ 30,000 ತಂದು, 22,000 ಕಟ್ಟಿ, 8,000 ಉಳಿಸಿದೆವು. ತಲೆಗೆ ನಾಲ್ಕು ಸಾವಿರ. ಯಾರಿಗೂ ಹೇಳಿಕೊಳ್ಳುವ ಮೊತ್ತವಲ್ಲ, ಆದರೆ ಜೇಬಿನಿಂದ ಹಾಕಿ ನಡೆಸಲಿಲ್ಲ.

ಗೋಡೆಯ ಮೇಲಿನ 30, 44ನ್ನು ಮಂಜ ಸುಣ್ಣ ಬಳಿದು ಅಳಿಸಿದ. ಈಗ ಅಲ್ಲಿ ಎರಡು ಅಂಕಿಗಳಿವೆ, ಒಂದು ತಿಂಗಳಿನದು, ಒಂದು ಗ್ಲಾಸಿನದು. ಎರಡನ್ನೂ ಕೂಡಿ ಒಂದು ಮಾಡುವುದಕ್ಕೆ ಅವನು ಬಿಡುವುದಿಲ್ಲ.

2025ರ ಮಾರ್ಚ್‌ನಲ್ಲಿ ಒಂದೇ ವಾರ ಎರಡು ಸುದ್ದಿ ಬಂದವು. ಮಾಲೀಕರು ವರ್ಷ ಆಯ್ತಲ್ಲ ಅಂತ ಬಾಡಿಗೆ ಏರಿಸಿ 9,900 ಅಂದರು. ಮಂಡಿಯಲ್ಲಿ ನಾವು ಖಾಯಂ ಕೊಳ್ಳುವ ವ್ಯಾಪಾರಿ ಮೋಸಂಬಿಗೆ ಕಿಲೋ 42 ಅಂದ. ನನಗೆ ರೇಗಿದ್ದು ಬಾಡಿಗೆಗೆ. ಒಂದೇ ಏಟಿಗೆ 900! ಹೋಗಿ ಮಾತಾಡೋಣ ನಡಿ ಅಂದೆ.

ಮಂಜ ಮೋಸಂಬಿ ಸಿಪ್ಪೆ ತೆಗೆಯುತ್ತಲೇ ಇದ್ದ. “900ನ 16ರಿಂದ ಭಾಗಿಸು” ಅಂದ. ಐವತ್ತಾರು ಚಿಲ್ಲರೆ. ತಿಂಗಳಿಗೆ 57 ಗ್ಲಾಸು, ದಿನಕ್ಕೆ ಎರಡೂ ಇಲ್ಲ. “ಈಗ ಕಿಲೋಗೆ 4 ಅಂದ್ರೆ ಗ್ಲಾಸಿಗೆ ಎಷ್ಟು?” ಎರಡು ರೂಪಾಯಿ. “ಏಪ್ರಿಲ್‌ನಲ್ಲಿ ಎಷ್ಟು ಗ್ಲಾಸು?” 4,500.

ನಾನು ಗುಣಿಸುವಷ್ಟರಲ್ಲಿ ಅವನು ಕೈ ಒರೆಸಿಕೊಂಡು ಬೈಕಿನ ಕೀ ತೆಗೆದುಕೊಂಡಿದ್ದ. “ಮಾಲೀಕರಿಗೆ ಆಯ್ತು ಸರ್ ಅಂತ ಹೇಳಿಬಿಡು. ನಾನು ಮಂಡಿಗೆ ಹೋಗಿ ಜಗಳ ಆಡ್ಕೊಂಡು ಬರ್ತೀನಿ.”